ಐದು ಬರಿಗೈ ಸೇರಿದರೆ ಸಾಲಕ್ಕೆ ಭದ್ರತೆ ಹೇಗಾಗುತ್ತದೆ?

ಪ್ರಶ್ನೆ: ಮೇಡಂ, ನಮ್ಮಮ್ಮ ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಒಬ್ಬರೇ ಬ್ಯಾಂಕಿಗೆ ಹೋದಾಗ ಸಾಲ ಕೊಡಲಿಲ್ಲ, ಅಡಮಾನಕ್ಕೆ ಏನೂ ಇಲ್ಲ ಅಂದರು. ಈಗ ಇನ್ನೂ ನಾಲ್ಕು ಹೆಂಗಸರ ಜೊತೆ ಗುಂಪು ಮಾಡಿಕೊಂಡು ಸಂಘದ ಸಾಲ ತಗೊಂಡಿದ್ದಾರೆ. ಆ ನಾಲ್ವರ ಹತ್ತಿರಾನೂ ಏನೂ ಇಲ್ಲ. ಏನೂ ಇಲ್ಲದ ಐದು ಜನ ಸೇರಿದರೆ ಅದು ಹೇಗೆ ಭದ್ರತೆ ಆಗುತ್ತೆ? ಒಬ್ಬರು ಕಟ್ಟದಿದ್ದರೆ ಮಿಕ್ಕವರು ಕಟ್ಟಬೇಕಂತೆ. ಇದು ಸರಿಯಾ?

ಉತ್ತರ: ಅಡಮಾನ ಅಂದ ಕೂಡಲೇ ನಮಗೆ ಒಂದೇ ಕೆಲಸ ನೆನಪಾಗುತ್ತದೆ. ಸಾಲ ಕಟ್ಟದಿದ್ದರೆ ಒಡವೆ ಹರಾಜು ಹಾಕಿ ದುಡ್ಡು ವಸೂಲಿ ಮಾಡುವುದು. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಒಡವೆ ಇಟ್ಟುಕೊಂಡ ಬ್ಯಾಂಕಿಗೆ ನೀವು ಯಾರು, ಎಂಥವರು, ದುಡ್ಡು ಏನು ಮಾಡುತ್ತೀರಿ ಅಂತ ತಿಳಿದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಅಂದರೆ ಗೊತ್ತಿಲ್ಲದ್ದನ್ನು ಅಡಮಾನ ಮುಚ್ಚಿಬಿಡುತ್ತದೆ. ನಿಮ್ಮ ಅಮ್ಮನ ಹತ್ತಿರ ಒಡವೆ ಇಲ್ಲ ಅಂದಾಗ ಬ್ಯಾಂಕು ಅವರ ಬಗ್ಗೆ ತಿಳಿದುಕೊಳ್ಳಲೇಬೇಕಾಯಿತು. ಅದು ಆಗದ ಕೆಲಸ. ಹಸು ನಿಜವಾಗಿ ಎಷ್ಟು ಹಾಲು ಕೊಡುತ್ತದೆ, ಆಗಲೇ ಎಷ್ಟು ಕೈಸಾಲ ಇದೆ, ದುಡ್ಡು ಮನೆಯಲ್ಲಿ ಯಾರ ಕೈಯಲ್ಲಿ ನಿಲ್ಲುತ್ತದೆ ಅಂತ ನೋಡಲು ಒಬ್ಬ ಆಫೀಸರ್ ಎರಡು ಸಲ ಹಳ್ಳಿಗೆ ಬಂದು ಹೋದರೂ ಹತ್ತು ಸಾವಿರದ ಸಾಲದ ಬಡ್ಡಿ ಆ ಖರ್ಚಿಗೇ ಮುಗಿಯುತ್ತದೆ.

ಬ್ಯಾಂಕಿಗೆ ಗೊತ್ತಿಲ್ಲದ ಈ ವಿಷಯಗಳೆಲ್ಲ ನಿಮ್ಮ ಬೀದಿಗೆ ಗೊತ್ತು. ಪಕ್ಕದ ಮನೆಯವರಿಗೆ ದಿನಾ ಬೆಳಿಗ್ಗೆ ಡೇರಿ ಮುಂದೆ ಕಾಣುತ್ತದೆ. ಗುಂಪು ಸಾಲದ ಹಿಂದಿರುವ ಯೋಚನೆ ಇಷ್ಟೇ: ಬೀದಿಗೆ ಗೊತ್ತಿರುವುದನ್ನು ಸಾಲದ ಲೆಕ್ಕಕ್ಕೆ ತರುವುದು. ಹಾಗೆ ತರಬೇಕಾದರೆ ಬೀದಿಯವರೂ ಸ್ವಲ್ಪ ಕಳೆದುಕೊಳ್ಳುವ ಹಾಗಿರಬೇಕು. ಸುಮ್ನೆ ಹೋಗಿ "ಇವರು ಹೇಗೆ?" ಅಂತ ಕೇಳಿದರೆ ಎಲ್ಲರೂ "ಒಳ್ಳೆಯವರು" ಅನ್ನುತ್ತಾರೆ. "ಅವರು ಕಟ್ಟದಿದ್ದರೆ ನೀವು ಕಟ್ಟಬೇಕು" ಅಂದಾಗ ಬರುವ ಉತ್ತರವೇ ಬೇರೆ.

ಸುಮಾರು ಹದಿನೈದು ವರ್ಷದ ಹಿಂದೆ ಗೌರಿಬಿದನೂರು ಕಡೆಯ ಒಂದು ಹಳ್ಳಿಯಲ್ಲಿ ಗುಂಪು ಕಟ್ಟುವುದನ್ನು ಜಗಲಿ ಮೇಲೆ ಕೂತು ನೋಡಿದ್ದೆ. ನಾಲ್ವರು ಆಗಿದ್ದರು, ಐದನೆಯವರು ಬೇಕಿತ್ತು. ಯಾರೋ ಒಂದು ಹೆಸರು ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯ ಹೆಂಗಸು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ಅವಳು ಒಳ್ಳೇವಳೇ ಕಣಮ್ಮ. ಆದ್ರೆ ದುಡ್ಡು ಅವಳ ಕೈಲಿ ನಿಲ್ಲಲ್ಲ. ಗಂಡ ಇಸ್ಕೊಂಡುಬಿಡ್ತಾನೆ." ಅಲ್ಲಿಗೆ ಆ ಹೆಸರು ಬಿಟ್ಟುಹೋಯಿತು. ಫೀಲ್ಡ್ ಆಫೀಸರ್ ಕೈಯಲ್ಲಿದ್ದ ಅರ್ಜಿಯಲ್ಲಿ ಹೆಸರು, ವಯಸ್ಸು, ಆದಾಯ ಎಲ್ಲಾ ಇತ್ತು. ಆ ಒಂದು ಮಾತನ್ನು ಬರೆಯಲು ಮಾತ್ರ ಅದರಲ್ಲಿ ಜಾಗವೇ ಇರಲಿಲ್ಲ.

ಇದು ಬಡ್ಡಿಯ ಮೇಲೆ ಏನು ಮಾಡುತ್ತದೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ನಾನೇ ಇಟ್ಟುಕೊಂಡವು. ಸ್ವಲ್ಪ ತಾಳ್ಮೆಯಿಂದ ಓದಿ.

ಒಂದು ಊರಲ್ಲಿ 200 ಹೆಂಗಸರು ತಲಾ 10,000 ರೂಪಾಯಿ ಒಂದು ವರ್ಷಕ್ಕೆ ಕೇಳುತ್ತಾರೆ. 100 ಜನ ಹಸು ಕಟ್ಟುವವರು. ವರ್ಷದ ಕೊನೆಗೆ ಅವರ ಕೈಗೆ 12,500 ಬಂದೇ ಬರುತ್ತದೆ. ಇನ್ನು 100 ಜನ ಗುತ್ತಿಗೆ ಜಮೀನಿನಲ್ಲಿ ಟೊಮೆಟೊ ಹಾಕುವವರು. ಬೆಳೆ ಕೈಹಿಡಿದರೆ 20,000 ಸಿಗುತ್ತದೆ. ಆದರೆ ನಾಲ್ವರಲ್ಲಿ ಒಬ್ಬರಿಗೆ ಬೆಳೆ ಹೋಗುತ್ತದೆ, ಕೈಗೆ ಏನೂ ಬರುವುದಿಲ್ಲ. ಸಾಲ ಕೊಡುವವರಿಗೆ ತಮ್ಮ ಬಡ್ಡಿ, ಸಂಬಳ, ಓಡಾಟ ಎಲ್ಲಾ ಸೇರಿ ಒಂದು ಸಾಲಕ್ಕೆ 11,200 ವಾಪಸ್ ಬಂದರೆ ನಷ್ಟವಿಲ್ಲ. ಯಾರು ಹಸುವಿನವರು, ಯಾರು ಟೊಮೆಟೊದವರು ಅಂತ ಅವರಿಗೆ ಗೊತ್ತಿಲ್ಲ. ಕೇಳಿದರೆ ಎಲ್ಲರೂ ಹಸು ಅಂತಲೇ ಹೇಳುತ್ತಾರೆ.

ಗೊತ್ತಿಲ್ಲ ಅಂದಮೇಲೆ ಎಲ್ಲರಿಗೂ ಒಂದೇ ದರ. 200 ಜನರಲ್ಲಿ ಕಟ್ಟುವವರು 175 ಮಂದಿ. ಬರಬೇಕಾದ್ದು 22,40,000. ಹಾಗಾಗಿ ಪ್ರತಿಯೊಬ್ಬರೂ 12,800 ಕಟ್ಟಬೇಕು. ಹಸುವಿನವರ ಕೈಗೆ ಬರುವುದೇ 12,500. ಅವರು ಕೈಮುಗಿದು ಮನೆಗೆ ಹೋಗುತ್ತಾರೆ. ಉಳಿದವರು ಟೊಮೆಟೊದವರು ಮಾತ್ರ. ಈಗ 75 ಜನರಿಂದ 11,20,000 ಬರಬೇಕು, ಅಂದರೆ ತಲಾ ಸುಮಾರು 14,933. ಸರಿಯಾಗಿ ಕಟ್ಟುವವರು ಹೊರಗೆ ಹೋದರು, ದರ ಇನ್ನೂ ಏರಿತು. ಬಡ್ಡಿ ಏರಿಸಿದಷ್ಟೂ ಒಳ್ಳೆಯ ಸಾಲಗಾರರು ಬಿಟ್ಟುಹೋಗುತ್ತಾರೆ ಅನ್ನುವ ಈ ಮಾತನ್ನು 1981ರಲ್ಲಿ ಸ್ಟಿಗ್ಲಿಟ್ಜ್ ಮತ್ತು ವೈಸ್ ಅನ್ನುವ ಅರ್ಥಶಾಸ್ತ್ರಜ್ಞರು ಸರಿಯಾಗಿ ಬಿಡಿಸಿ ಹೇಳಿದರು.

ಈಗ ಅದೇ ಊರಲ್ಲಿ "ಇಬ್ಬಿಬ್ಬರು ಜೋಡಿಯಾಗಿ ಬನ್ನಿ" ಅನ್ನೋಣ. ಪ್ರತಿಯೊಬ್ಬರೂ 12,000 ಕಟ್ಟಬೇಕು. ಜೊತೆಯವರು ಕಟ್ಟದೇ ಹೋದರೆ ಅವರ ಪರವಾಗಿ ಇನ್ನೂ 7,500 ಕೊಡಬೇಕು. ಹಸುವಿನವರು ಯಾರನ್ನು ಜೊತೆಗೆ ಕರೆಯುತ್ತಾರೆ? ಇನ್ನೊಬ್ಬ ಹಸುವಿನವರನ್ನೇ. ಆಗ ಆ 7,500ರ ಮಾತೇ ಬರುವುದಿಲ್ಲ. 12,000 ಕಟ್ಟಿ 500 ಉಳಿಸಿಕೊಳ್ಳುತ್ತಾರೆ. ಸಾಲ ತಗೊಳ್ಳುವುದು ಅವರಿಗೆ ಮತ್ತೆ ಗಿಟ್ಟುತ್ತದೆ. ಟೊಮೆಟೊದವರಿಗೆ ಟೊಮೆಟೊದವರೇ ಜೋಡಿ. ಒಬ್ಬರ ಬೆಳೆ ಹೋದರೆ ಇನ್ನೊಬ್ಬರದೂ ಹೋಗಲೇಬೇಕು ಅಂತಿಲ್ಲ ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಈ ಮಾತು ನೆನಪಿರಲಿ, ಆಮೇಲೆ ಇಲ್ಲಿಗೇ ವಾಪಸ್ ಬರುತ್ತೇನೆ. ಹಾಗಿದ್ದಾಗ ಅವರ 50 ಜೋಡಿಗಳಲ್ಲಿ ಸುಮಾರು 19 ಜೋಡಿಗಳಲ್ಲಿ ಒಬ್ಬರು ಸೋತು ಇನ್ನೊಬ್ಬರು ಗೆದ್ದಿರುತ್ತಾರೆ. ಗೆದ್ದವರು 20,000ದಲ್ಲಿ 19,500 ಕಟ್ಟುತ್ತಾರೆ. ಒಟ್ಟು ಕೂಡಿ ನೋಡಿ. ಹಸುವಿನವರಿಂದ 12,00,000, ಟೊಮೆಟೊದವರಿಂದ 9,00,000, ಜೊತೆಯವರ ಪರವಾಗಿ ಬಂದದ್ದು ಸುಮಾರು 1,40,000. ಅದೇ 22,40,000 ಬಂತು. ಯಾರು ಎಂಥವರು ಅಂತ ಸಾಲ ಕೊಟ್ಟವರು ಕೊನೆಯವರೆಗೂ ತಿಳಿದುಕೊಳ್ಳಲೇ ಇಲ್ಲ!

ಟೊಮೆಟೊದವರು ಹಸುವಿನವರಿಗೆ ಸ್ವಲ್ಪ ದುಡ್ಡು ಕೊಟ್ಟು ಜೊತೆಗೆ ಸೇರಿಕೊಳ್ಳಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ಲೆಕ್ಕ ಕೂಡುವುದಿಲ್ಲ. ಹಸುವಿನವರು ಕಟ್ಟಲು ಯಾವಾಗಲೂ ಇರುತ್ತಾರೆ, ಕೈಗೆ ಬಂದದ್ದು ಸಾಲದಿದ್ದರೆ ಹಸು ಮಾರಿಯಾದರೂ ಕೊಡಬೇಕು ಅಂತ ಇಟ್ಟುಕೊಳ್ಳೋಣ. ನಾಲ್ಕರಲ್ಲಿ ಒಂದು ಸಲ 7,500 ಬಿದ್ದರೆ ಅವರಿಗೆ ಸರಾಸರಿ ನಷ್ಟ 1,875. ಟೊಮೆಟೊದವರು ನಾಲ್ಕರಲ್ಲಿ ಮೂರು ಸಲ ಮಾತ್ರ ಕಟ್ಟುವ ಸ್ಥಿತಿಯಲ್ಲಿರುತ್ತಾರೆ. ಒಳ್ಳೆಯ ಜೊತೆ ಸಿಕ್ಕಿದ್ದರಿಂದ ಅವರಿಗೆ ಉಳಿಯುವುದು ಸರಾಸರಿ 1,406 ಅಷ್ಟೇ. ಉಳಿದದ್ದನ್ನೆಲ್ಲ ಕೊಟ್ಟರೂ ಹಸುವಿನವರ ನಷ್ಟ ತುಂಬುವುದಿಲ್ಲ. ಆದ್ದರಿಂದ ಗಟ್ಟಿ ಇದ್ದವರು ಗಟ್ಟಿ ಇದ್ದವರನ್ನೇ ಹುಡುಕುತ್ತಾರೆ. ಅರ್ಥಶಾಸ್ತ್ರಜ್ಞ ಮೈತ್ರೀಶ್ ಘಟಕ್ 1999ರಲ್ಲಿ ಈ ಸೂಕ್ಷ್ಮವನ್ನು ತೋರಿಸಿಕೊಟ್ಟರು. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಜಾಗ ಇದು.

ಸಾಲ ಕೈಗೆ ಬಂದ ಮೇಲೂ ಗುಂಪಿಗೆ ಕೆಲಸವಿದೆ. ಹಸುವಿಗೆ ಅಂತ ತಗೊಂಡ ದುಡ್ಡು ಮದುವೆಗೆ ಹೋಯಿತಾ, ಕೊಟ್ಟಿಗೆಗೆ ಹಸು ಬಂತಾ ಅಂತ ನೋಡುವವರು ಆಫೀಸರ್ ಅಲ್ಲ, ಎದುರು ಮನೆಯವರು. ಅವರಿಗೆ ಅದು ಖರ್ಚಿಲ್ಲದ ಕೆಲಸ. ನೀರಿಗೆ ಹೋದಾಗ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಒಂದು ಕಹಿಯೂ ಇದೆ. ಸಾಲ ಕೊಟ್ಟವರು ಹೊರಬೇಕಾದ ಅಪಾಯದ ಒಂದು ಭಾಗವನ್ನು ಈಗ ಬಡವರೇ ಹೊರುತ್ತಿದ್ದಾರೆ. ಆ ಭಾರಕ್ಕೆ ಬದಲಾಗಿ ಬಡ್ಡಿ ನಿಜವಾಗಿಯೂ ಕಡಿಮೆಯಾದರೆ ಮಾತ್ರ ಇದು ನ್ಯಾಯ ಅಂತ ನಾನು ಹೇಳುತ್ತೇನೆ.

ಈ ಪದ್ಧತಿಗೆ ಹೆಸರು ತಂದದ್ದು ಬಾಂಗ್ಲಾದೇಶ. 1976ರಲ್ಲಿ ಚಿತ್ತಗಾಂಗ್ ವಿಶ್ವವಿದ್ಯಾಲಯದ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್ ಕೊಟ್ಟು ಶುರುಮಾಡಿದರು. 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು. ಒಂದು ಗುಂಪಿಗೆ ಐದು ಜನ, ಒಂದೇ ಹಳ್ಳಿಯವರಾಗಿರಬೇಕು, ಹತ್ತಿರದ ನೆಂಟರು ಒಂದೇ ಗುಂಪಿನಲ್ಲಿ ಇರಬಾರದು. ನೆಂಟರ ನಿಯಮಕ್ಕೆ ಕಾರಣ ಸುಲಭವಾಗಿ ಗೊತ್ತಾಗುತ್ತದೆ. ಅತ್ತೆ ಸೊಸೆ ಒಂದೇ ಗುಂಪಿನಲ್ಲಿದ್ದರೆ ಇಬ್ಬರ ಹಿಂದಿರುವ ಗಂಟು ಒಂದೇ, ತಪ್ಪು ಮುಚ್ಚಿಡುವುದೂ ಸುಲಭ. ಮೊದಲು ಇಬ್ಬರಿಗೆ ಸಾಲ. ಅವರು ಕೆಲವು ವಾರ ಸರಿಯಾಗಿ ಕಂತು ಕಟ್ಟಿದರೆ ಇನ್ನಿಬ್ಬರಿಗೆ. ಕೊನೆಗೆ ಗುಂಪಿನ ಮುಖ್ಯಸ್ಥೆಗೆ. ಹೀಗಾಗಿ ಯಾರು ಎಲ್ಲರ ಮೇಲೂ ಕಣ್ಣಿಡಬೇಕೋ ಅವರ ಸಾಲವೇ ಕೊನೆಗೆ ಬರುತ್ತಿತ್ತು. ಒಂದು ಸುತ್ತು ತೀರಿದರೆ ಮುಂದಿನ ಸುತ್ತಿಗೆ ಇನ್ನೂ ದೊಡ್ಡ ಸಾಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಐವರ ಹತ್ತಿರ ಒಡವೆ ಇಲ್ಲ ನಿಜ. ಆದರೆ ಕಳೆದುಕೊಳ್ಳಲು ಅವರಿಗೆ ಎರಡು ಇವೆ: ಬೀದಿಯಲ್ಲಿರುವ ಮಾನ, ಮತ್ತು ಮುಂದಿನ ಸಾಲ.

ಇದು ಪೂರ್ತಿ ಹೊಸದೇನೂ ಅಲ್ಲ. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಕಟ್ಟಿದ ಸಾಲದ ಸಂಘಗಳಲ್ಲಿ ಸಂಘದ ಸಾಲಕ್ಕೆ ಪ್ರತಿ ಸದಸ್ಯನೂ ತನ್ನ ಆಸ್ತಿಯೆಲ್ಲಾ ಒಡ್ಡಿ ಹೊಣೆಯಾಗಬೇಕಿತ್ತು. 1904ರ ಸಹಕಾರಿ ಕಾಯಿದೆ ಅದೇ ಮಾದರಿಯನ್ನು ಇಲ್ಲಿಗೆ ತಂದಿತು. ಮರುವರ್ಷ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದರು.

ಈಗ ಕೆಡುವ ಕಡೆಗೆ ಬರೋಣ. ನಿಮ್ಮ ಅಮ್ಮನ ಗುಂಪಿನಲ್ಲಿ ತಲಾ ವಾರದ ಕಂತು 500 ರೂಪಾಯಿ ಅಂತ ಇಟ್ಟುಕೊಳ್ಳಿ. ಒಬ್ಬರು ಕಟ್ಟಲಿಲ್ಲ. ಉಳಿದ ನಾಲ್ವರ ಮೇಲೆ ತಲಾ 125 ಹೆಚ್ಚು. ಗೊಣಗಿಕೊಂಡಾದರೂ ಕೊಡುತ್ತಾರೆ. ಇಬ್ಬರು ಕಟ್ಟದಿದ್ದರೆ ಮೂವರ ಮೇಲೆ ತಲಾ 333. ಮೂವರು ಕೈ ಎತ್ತಿದರೆ ಉಳಿದ ಇಬ್ಬರು ತಮ್ಮ 500ರ ಜೊತೆ ಇನ್ನೂ 750 ಕೊಡಬೇಕು. ಈ ಹೊತ್ತಿಗೆ ಅವರೂ ಯೋಚನೆ ಮಾಡುತ್ತಾರೆ: "ನನ್ನದು ಕಟ್ಟಿದರೂ ಗುಂಪು ಸುಸ್ತಿ ಅಂತಲೇ ಬರೆಯುತ್ತಾರೆ, ಮುಂದಿನ ಸಾಲ ಹೇಗೂ ಇಲ್ಲ. ಮತ್ತೆ ನನ್ನ 500 ಯಾಕೆ ಹಾಕಲಿ?" ಒಂಟಿಯಾಗಿ ಸಾಲ ತಗೊಂಡಿದ್ದರೆ ಖಂಡಿತ ಕಟ್ಟುತ್ತಿದ್ದವರು ಗುಂಪಿನಲ್ಲಿದ್ದದ್ದಕ್ಕೇ ಕಟ್ಟುವುದು ಬಿಡುತ್ತಾರೆ. ಬೆಸ್ಲಿ ಮತ್ತು ಕೋಟ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 1995ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಗುಂಪು ಸಾಲ ನಿಧಾನವಾಗಿ ಕೆಡುವುದಿಲ್ಲ. ಒಂದು ಹಂತದವರೆಗೆ ನೂರಕ್ಕೆ ನೂರು ವಸೂಲಿ ಅಂತ ಕಾಣಿಸುತ್ತದೆ, ಆಮೇಲೆ ಒಂದೇ ಸಲ ಕುಸಿಯುತ್ತದೆ.

ಅದನ್ನು ನಿಮ್ಮ ಪಕ್ಕದ ಜಿಲ್ಲೆಯೇ ಕಂಡಿದೆ. 2009ರಲ್ಲಿ ಕೋಲಾರ, ರಾಮನಗರ, ಮೈಸೂರು, ನಿಮ್ಮ ಶಿಡ್ಲಘಟ್ಟ, ಇಲ್ಲೆಲ್ಲ ಸಾಲ ವಾಪಸ್ ಬರುವುದು ಇದ್ದಕ್ಕಿದ್ದಂತೆ ನಿಂತುಹೋಯಿತು. ಒಬ್ಬೊಬ್ಬ ಹೆಂಗಸಿಗೆ ಇಂಥ ಗುಂಪು ಸಾಲ ಕೊಡುವ ಮೂರು ನಾಲ್ಕು ಕಂಪನಿಗಳು ಸಾಲ ಕೊಟ್ಟಿದ್ದವು. ರೇಷ್ಮೆ ಕೆಲಸ ಕುಂಟುತ್ತಿತ್ತು. ಕಟ್ಟಬೇಡಿ ಅಂತ ಸ್ಥಳೀಯ ಅಂಜುಮನ್ ಸಮಿತಿಗಳು ಹೇಳಿದವು, ಕಟ್ಟುವುದು ನಿಂತಿತು. ನಾನು ನೆನಪಿರಲಿ ಅಂದಿದ್ದ ಮಾತಿಗೆ ವಾಪಸ್ ಬನ್ನಿ. ಒಬ್ಬರದು ಹೋದಾಗ ಇನ್ನೊಬ್ಬರದು ಉಳಿದಿದ್ದರೆ ಮಾತ್ರ ನನ್ನ ಲೆಕ್ಕ ನಿಲ್ಲುತ್ತದೆ. ರೇಷ್ಮೆ ದರ ಬಿದ್ದರೆ ಬೀದಿಗೆ ಬೀದಿಯೇ ಸೋಲುತ್ತದೆ. ಆಗ ಯಾರ ಪರವಾಗಿ ಯಾರು ಕಟ್ಟುತ್ತಾರೆ? ಊರಿನ ಮಾನವೂ ಆಗ ತಿರುಗಿ ನಿಲ್ಲುತ್ತದೆ. ನಿನ್ನೆಯವರೆಗೆ ಕಟ್ಟದವರು ತಲೆ ತಗ್ಗಿಸುತ್ತಿದ್ದರು. ಈಗ ಕಟ್ಟುವವರು ತಲೆ ತಗ್ಗಿಸಬೇಕಾಗುತ್ತದೆ. ಮರುವರ್ಷ ಆಂಧ್ರದಲ್ಲಿ ಇದಕ್ಕಿಂತ ಬಹಳ ದೊಡ್ಡದಾಗಿ ಆಯಿತು, ಸರ್ಕಾರ ಸುಗ್ರೀವಾಜ್ಞೆ ತಂದಿತು.

ಕುಸಿಯುವ ಮೊದಲು ಒತ್ತಡ ಎಲ್ಲಿ ಬೀಳುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಂಪುಗಳೆಲ್ಲ ಒಂದು ಕಡೆ ಸೇರಿ ಕಂತು ಕಟ್ಟುವ ಒಂದು ಸೆಂಟರ್ ಮೀಟಿಂಗಿನಲ್ಲಿ ಒಬ್ಬರ ಕಂತು ಬಂದಿರಲಿಲ್ಲ. ಆಫೀಸರ್ ಹುಡುಗ ಚಾಪೆ ಬಿಟ್ಟು ಏಳಲಿಲ್ಲ. "ಎಲ್ಲಾ ಸೇರಿ ಕೊಡಿ, ಇಲ್ಲಾಂದ್ರೆ ಯಾರೂ ಹೋಗೋ ಹಾಗಿಲ್ಲ" ಅಂದ. ಅವನಿಗೂ ಮೇಲಿಂದ ಒತ್ತಡ ಇತ್ತು, ದಿನದ ವಸೂಲಿ ಒಂದು ರೂಪಾಯಿ ಕಮ್ಮಿಯಾಗುವಂತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕೂತವರು ಕೂಲಿ ಕೆಲಸ ತಪ್ಪಿಸಿಕೊಂಡು ಮಧ್ಯಾಹ್ನದವರೆಗೂ ಅಲ್ಲೇ ಇದ್ದರು. ಕೊನೆಗೆ ಒಬ್ಬ ತಾಯಿ ಕಿವಿಯ ಓಲೆ ಬಿಚ್ಚಿ ಮಗನ ಕೈಗೆ ಕೊಟ್ಟು ಅಡವಿಟ್ಟು ಬಾ ಅಂತ ಕಳಿಸಿದರು. ಆ ದಿನದ ಪುಸ್ತಕದಲ್ಲಿ ವಸೂಲಿ ಪೂರ್ತಿ. ಅಡಮಾನ ಇಲ್ಲದ ಸಾಲಕ್ಕೆ ಒಂದು ಓಲೆ ಅಡವಾಯಿತು, ಅದೂ ಬೇರೆಯವರ ಕಂತಿಗೆ. ಆ ದೃಶ್ಯ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಹಾಗಾದರೆ ಒಬ್ಬರ ಕಂತಿಗೆ ಇನ್ನೊಬ್ಬರನ್ನು ಹೊಣೆ ಮಾಡಲೇಬೇಕಾ? ಫಿಲಿಪ್ಪೀನ್ಸ್‌ನಲ್ಲಿ ಗ್ರೀನ್ ಬ್ಯಾಂಕ್ ಎಂಬ ಬ್ಯಾಂಕಿನ ಜೊತೆ ಸೇರಿ ಕ್ಸೇವಿಯರ್ ಜಿನೆ ಮತ್ತು ಡೀನ್ ಕಾರ್ಲನ್ ಇದನ್ನು ಪರೀಕ್ಷೆ ಮಾಡಿದರು. ಮೊದಲೇ ಇದ್ದ ಗುಂಪುಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅವರ ಜಂಟಿ ಹೊಣೆಯನ್ನು ತೆಗೆದುಹಾಕಿದರು. ವಾರದ ಮೀಟಿಂಗ್ ಮಾತ್ರ ಹಾಗೇ ಉಳಿಸಿದರು. ಸುಸ್ತಿ ಏರಲಿಲ್ಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಕೂಡ 2002ರ ಹೊತ್ತಿಗೆ ತನ್ನ ಪದ್ಧತಿಯನ್ನು ಬದಲಿಸಿತು. ಗುಂಪು ಉಳಿಯಿತು, ಸಾಲದ ಹೊಣೆ ಮಾತ್ರ ಅವರವರದು. ಕಷ್ಟ ಬಂದವರಿಗೆ ಕಂತು ಚಿಕ್ಕದು ಮಾಡಿ ಅವಧಿ ಹೆಚ್ಚಿಸುವ ದಾರಿಯನ್ನೂ ಇಟ್ಟಿತು.

ಇದರಿಂದ ಘಟಕ್ ಹೇಳಿದ್ದು ಸುಳ್ಳು ಅಂತಾಗುವುದಿಲ್ಲ. ಆ ಫಿಲಿಪ್ಪೀನ್ಸ್ ಗುಂಪುಗಳು ಕಟ್ಟಿದ್ದೇ ಜಂಟಿ ಹೊಣೆ ಇದ್ದ ಕಾಲದಲ್ಲಿ. ಆಯ್ಕೆಯ ಜರಡಿ ಆಗಲೇ ತನ್ನ ಕೆಲಸ ಮಾಡಿ ಮುಗಿಸಿತ್ತು. ಹೊಸ ಊರುಗಳಲ್ಲೂ ಅವರು ನೋಡಿದರು, ಅಲ್ಲೂ ಸುಸ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಇನ್ನೊಂದು ಕಂಡಿತು. ಜಂಟಿ ಹೊಣೆ ಇಲ್ಲದ ಕಡೆ ಹೊಸ ಗುಂಪು ಶುರುಮಾಡಲು ಆಫೀಸರ್‌ಗಳು ಹಿಂದೇಟು ಹಾಕಿದರು. ನನ್ನ ಅಭಿಪ್ರಾಯ ಹೀಗಿದೆ: ಗುಂಪಿನಲ್ಲಿ ಹೆಚ್ಚು ಕೆಲಸ ಮಾಡುವುದು ಎಲ್ಲರ ಎದುರು ಕಂತು ಕೊಡುವ ಅಭ್ಯಾಸ, ಸಣ್ಣ ಸಣ್ಣ ಕಂತು, ಮತ್ತು ಮುಂದಿನ ಸಾಲದ ಆಸೆ. ಜಂಟಿ ಹೊಣೆ ಶುರುವಿನಲ್ಲಿ ಜನರನ್ನು ಆರಿಸಲು ಬೇಕಾಗಬಹುದು. ವರ್ಷಗಟ್ಟಲೆ ಅದನ್ನು ತಲೆ ಮೇಲೆ ಇಟ್ಟಿರಬೇಕಿಲ್ಲ.

ಇನ್ನು ನಿಮ್ಮ ಅಮ್ಮನ ವಿಷಯ. ಮೊದಲು ಅದು ಯಾವ "ಸಂಘ" ಅಂತ ನೋಡಿ. ನಮ್ಮಲ್ಲಿ ಎರಡಕ್ಕೂ ಸಂಘ ಅಂತಲೇ ಅನ್ನುತ್ತಾರೆ. ಹತ್ತಿಪ್ಪತ್ತು ಜನ ಮೊದಲು ಉಳಿತಾಯ ಮಾಡಿ, ಆ ದುಡ್ಡನ್ನೇ ತಮ್ಮೊಳಗೆ ಸಾಲ ಕೊಟ್ಟುಕೊಂಡು, ಆಮೇಲೆ ಬ್ಯಾಂಕಿಗೆ ಹೋಗುವುದು ಸ್ವಸಹಾಯ ಸಂಘ. ಮೈರಾಡದಂಥ ಸಂಸ್ಥೆಗಳು 1980ರ ದಶಕದಲ್ಲಿ ನಮ್ಮಲ್ಲಿ ಕಟ್ಟಿದ್ದು ಇಂಥವನ್ನೇ. 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕುಗಳಿಗೆ ಜೋಡಿಸಿತು. ಅಲ್ಲಿ ಯಾರಿಗೆ ಎಷ್ಟು, ಯಾರಿಗೆ ಈ ವಾರ ವಿನಾಯಿತಿ ಅಂತ ಸದಸ್ಯರೇ ತೀರ್ಮಾನ ಮಾಡುತ್ತಾರೆ. ನೀವು ಬರೆದಿರುವ ಐದು ಜನರದ್ದು ಕಂಪನಿಯ ಜಂಟಿ ಹೊಣೆ ಗುಂಪಿನ ಥರ ಕಾಣುತ್ತದೆ. ಅಲ್ಲಿ ನಿಯಮ ಹೊರಗಿನಿಂದ ಬರುತ್ತದೆ. ಹಾಗಾಗಿ ಸಹಿ ಮಾಡಿದ ಸಾಲದ ಪತ್ರ ತರಿಸಿ ಓದಿ. ಬೇರೆಯವರ ಕಂತಿಗೆ ಹೊಣೆ ಅಂತ ಅದರಲ್ಲಿ ಬರೆದಿದೆಯಾ, ಇಲ್ಲ ಆಫೀಸರ್ ಬರೀ ಬಾಯಲ್ಲಿ ಹೇಳುತ್ತಿದ್ದಾನಾ ನೋಡಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವ ಹಾಗಿಲ್ಲ. ಕಂಪನಿಗಳು ಈಗ ಎಲ್ಲರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋದಲ್ಲಿ ಬೇರೆ ಕಂಪನಿಗಳ ಸಾಲ ನೋಡಿಯೇ ಕೊಡುತ್ತವೆ. ಬೀದಿಗೆ ಗೊತ್ತಿದ್ದದ್ದರಲ್ಲಿ ಸ್ವಲ್ಪ ಈಗ ಕಂಪ್ಯೂಟರಿಗೂ ಗೊತ್ತು. ಆದರೆ ಕೈಸಾಲ, ಮೀಟರ್ ಬಡ್ಡಿ, ಚೀಟಿ ಬಾಕಿ ಅದರಲ್ಲಿ ಇರುವುದಿಲ್ಲ. ಅದು ಇವತ್ತಿಗೂ ಅಕ್ಕಪಕ್ಕದ ಮನೆಯವರಿಗೇ ಗೊತ್ತಿರುವುದು.

ಆದ್ದರಿಂದ ಅಮ್ಮನ ಜೊತೆ ಕೂತು ಎರಡು ಪ್ರಶ್ನೆ ಕೇಳಿ. ಮಿಕ್ಕ ನಾಲ್ವರಲ್ಲಿ ಯಾರಾದರೂ ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತರುತ್ತಿದ್ದಾರಾ? ಮೀಟಿಂಗ್ ದಿನ ಕಂತು ಪೂರ್ತಿ ಬಂದರೂ ಅದಕ್ಕೆ ಮುಂಚಿನ ಸಂಜೆ ಯಾರು ಯಾರ ಮನೆ ಬಾಗಿಲಿಗೆ ಹೋಗುತ್ತಾರೆ ಅಂತ ಅಮ್ಮನಿಗೆ ಗೊತ್ತಿರುತ್ತದೆ. ಗುಂಪು ಕುಸಿಯುವ ಸುದ್ದಿ ಪುಸ್ತಕಕ್ಕಿಂತ ಮುಂಚೆ ಸಿಗುವುದು ಅಲ್ಲೇ. ಎರಡನೆಯದು, ಐವರ ದುಡ್ಡೂ ಎಲ್ಲಿದೆ? ಸ್ವಭಾವ ನೋಡಿ ಆರಿಸಿದಾಗ ನಾವು ನಮ್ಮಂಥವರನ್ನೇ ಆರಿಸುತ್ತೇವೆ, ಹಾಗೆ ಆರಿಸಿದವರು ಎಷ್ಟೋ ಸಲ ನಾವು ಮಾಡುವ ಕೆಲಸವನ್ನೇ ಮಾಡುತ್ತಿರುತ್ತಾರೆ. ಐವರೂ ಚಿಂತಾಮಣಿ ಮಾರ್ಕೆಟ್ಟಿಗೆ ಹೋಗುವ ಟೊಮೆಟೊ ಮೇಲೇ ದುಡ್ಡು ಹಾಕಿದ್ದರೆ, ಮುಂದಿನ ಸುತ್ತಿನ ಸಾಲಕ್ಕೆ ಸಹಿ ಹಾಕುವ ಮೊದಲು ಹಸು ಕಟ್ಟಿದವರೋ, ಹೊಲಿಗೆ ಮಾಡುವವರೋ ಒಬ್ಬಿಬ್ಬರು ಗುಂಪಿಗೆ ಬರುತ್ತಾರಾ ಅಂತ ವಿಚಾರಿಸಲು ಹೇಳಿ.